ಆರನೇ ಕುರ್ಚಿಯವನಿಗೆ ಹುಚ್ಚಾ?

ಮೈಸೂರಿನ ಹೆಬ್ಬಾಳದ ಕಡೆ ಒಂದು ಸಣ್ಣ ಕಂಪನಿಯಲ್ಲಿ ಗೇಮ್ ಟೆಸ್ಟಿಂಗ್ ನನ್ನ ಕೆಲಸ. ಆರು ಜನರ ಹೋಲ್ಡೆಮ್ ಪೋಕರ್ ಟೇಬಲ್. ಒಬ್ಬೊಬ್ಬರ ಕೈಗೆ ಎರಡು ಎಲೆ, ಆಮೇಲೆ ಎಲ್ಲರಿಗೂ ಸೇರಿದ ಐದು ಎಲೆ ನೆಲಕ್ಕೆ ಬೀಳುತ್ತವೆ, ಮೊದಲು ಮೂರು, ಮತ್ತೆ ಒಂದೊಂದು. ದುಡ್ಡಿಲ್ಲ, ಸುಮ್ನೆ ಚಿಪ್ಸ್. (ಇಸ್ಪೀಟಿನ ಕೆಲಸ ಅಂದ್ರೆ ಜೂಜಲ್ಲ ಅಂತ ಮನೆಯಲ್ಲಿ ಒಪ್ಪಿಸೋಕೆ ಮೂರು ತಿಂಗಳು ಹಿಡಿಯಿತು.) ಖಾಲಿ ಕುರ್ಚಿಗಳಲ್ಲಿ ಕಂಪ್ಯೂಟರ್ ಆಡುತ್ತದೆ. ಯಾವ ಜಾಗದಲ್ಲಿ ಕೂತಾಗ ಯಾವ ಎರಡು ಎಲೆಗೆ ಆಟಕ್ಕಿಳಿಯಬೇಕು ಅನ್ನೋದಕ್ಕೆ ಒಂದು ಪಟ್ಟಿ ಇದೆ. ಅದನ್ನು ಪರೀಕ್ಷೆ ಮಾಡಿ ಪಾಸ್ ಅಂತ ಬರೆದವನು ನಾನೇ.

ಮಂಡ್ಯ ಕಡೆಯ ಸೀನಿಯರ್ ಒಬ್ಬರು ಊಟದ ಹೊತ್ತಲ್ಲಿ ನಾಲ್ಕು ಸುತ್ತು ಆಡಿ ಕರೆದರು. "ಏನಪ್ಪಾ, ಈ ಆರನೇ ಕುರ್ಚಿಯವನಿಗೆ ಹುಚ್ಚಾ? ಏನ್ ಎಲೆ ಬಂದ್ರೂ ರೇಸ್ ಮಾಡ್ತಾನಲ್ಲ. ಮೂರನೆಯವನು ನೋಡು, ಬಟನ್ ಮೇಲೆ ಕೂತ್ಕೊಂಡು ರಾಜ-ಗುಲಾಮ ಬಿಸಾಕ್ತಾನೆ."

ರೇಸ್ ಅಂದರೆ ಕಟ್ಟಿದ್ದನ್ನು ಏರಿಸೋದು. ಬಟನ್ ಅಂದರೆ ಎಲೆ ಹಂಚುವವನ ಗುರುತಿನ ಬಿಲ್ಲೆ. ಪ್ರತಿ ಆಟಕ್ಕೂ ಒಂದು ಕುರ್ಚಿ ಮುಂದಕ್ಕೆ ಹೋಗುತ್ತದೆ. ಅದರ ಎಡಗಡೆಯ ಇಬ್ಬರು ಎಲೆ ನೋಡುವ ಮೊದಲೇ ಕಟ್ಟಬೇಕು, ಅವರೇ ಬ್ಲೈಂಡ್‌ಗಳು. ಅವರಿಬ್ಬರ ಮುಂದಿನವನು ಮೊದಲು ಮಾತಾಡಬೇಕು, ಅಂದರೆ ಕಟ್ಟುತ್ತೇನೋ ಬಿಡುತ್ತೇನೋ ಹೇಳಬೇಕು. ನೆಲದ ಮೇಲೆ ಎಲೆ ಬಿದ್ದ ಮೇಲೆ ಮೂರೂ ಸುತ್ತಿನಲ್ಲಿ ಕೊನೆಯ ಮಾತು ಬಟನ್‌ನದು.

ಆ ರಾಜ-ಗುಲಾಮದ ಲೆಕ್ಕ ನೋಡೋಣ, ಬೇರೆ ಬೇರೆ ಜಾತಿಯದ್ದು. ಇದಕ್ಕೆ ನಿಜವಾದ ಶತ್ರುಗಳು ಯಾರು? ಎಕ್ಕ-ರಾಜ, ಎಕ್ಕ-ಗುಲಾಮ, ರಾಜ-ರಾಣಿ, ಮತ್ತೆ ಎಕ್ಕ, ರಾಜ, ರಾಣಿ, ಗುಲಾಮಗಳ ಜೋಡಿ. ನನ್ನ ಎರಡು ಎಲೆ ತೆಗೆದರೆ ಉಳಿದ 50ರಲ್ಲಿ 1225 ಜೋಡಿಗಳಾಗುತ್ತವೆ. ಅದರಲ್ಲಿ ಈ ಶತ್ರುಗಳು 54. ಒಬ್ಬನ ಕೈಯಲ್ಲಿ ಇರುವ ಸಾಧ್ಯತೆ ನೂರಕ್ಕೆ ನಾಲ್ಕೂವರೆಗಿಂತ ಕಮ್ಮಿ. ಭಯ ಪಡುವಂಥದ್ದೇನಲ್ಲ. ಆದರೆ ಮೊದಲು ಮಾತಾಡುವವನ ಹಿಂದೆ ಐದು ಜನ ಬಾಕಿ. ಅವರಲ್ಲಿ ಯಾರಿಗಾದರೂ ಸಿಕ್ಕಿರುವ ಸಾಧ್ಯತೆ ಸುಮಾರು ನೂರಕ್ಕೆ 20. ಎಲ್ಲರೂ ಬಿಟ್ಟು ಬಟನ್‌ಗೆ ಬಂದರೆ ಬಾಕಿ ಇಬ್ಬರೇ, ಹಾಗಾಗಿ ಅದು 9ಕ್ಕೆ ಇಳಿಯುತ್ತದೆ. ಎಲೆ ಅದೇ, ಅಪಾಯ ಅರ್ಧಕ್ಕಿಂತ ಕಮ್ಮಿ.

ಇದು ಅರ್ಧ ಕಥೆ ಮಾತ್ರ. ಬ್ಲೈಂಡ್ 50 ಮತ್ತು 100 ಅಂದುಕೊಳ್ಳಿ. ಮೊದಲ ಜಾಗದಿಂದ ರಾಜ-ಗುಲಾಮಕ್ಕೆ 250 ಹಾಕಿದೆ. ಬಟನ್‌ನವನು ರಾಜ-ರಾಣಿ ಹಿಡಿದು ಕಾಲ್ ಮಾಡಿದ, ಅಂದರೆ ಅಷ್ಟೇ ಕಟ್ಟಿದ. ಉಳಿದವರೂ ಬ್ಲೈಂಡ್‌ಗಳೂ ಬಿಟ್ಟರು. ನಡುವೆ 650. ನೆಲಕ್ಕೆ ರಾಜ, ಎಂಟು, ಮೂರು. ನನಗೆ ಖುಷಿ! 300 ಹಾಕಿದೆ, ಅವನು ಸುಮ್ನೆ ಕಾಲ್. ಮುಂದೆ ಐದು ಬಿತ್ತು, 700 ಹಾಕಿದೆ, ಮತ್ತೆ ಕಾಲ್. ಕೊನೆಗೆ ಎರಡು. ಈಗ ಹೆದರಿಕೆಯಾಗಿ ಏನೂ ಕಟ್ಟದೆ ಚೆಕ್ ಅಂದೆ. ಅವನು 1500 ಇಟ್ಟ. ನೋಡಬೇಕಾ, ಬಿಡಬೇಕಾ? ಪ್ರತಿ ಸುತ್ತಿನಲ್ಲೂ ನಾನು ಕತ್ತಲಲ್ಲಿ ಮಾತಾಡಿದೆ, ಅವನು ಕೇಳಿಸಿಕೊಂಡು ಉತ್ತರ ಕೊಟ್ಟ. ಬಟನ್ ನನ್ನದಾಗಿದ್ದರೆ ಅವನು ಕೊನೆಯಲ್ಲಿ ಚೆಕ್ ಅಂದಾಗ ನಾನೂ ಚೆಕ್ ಅಂದು ಎಲೆ ತೋರಿಸಿಬಿಡಬಹುದಿತ್ತು. ಸೋಲುತ್ತಿದ್ದೆ, ಆದರೆ ಅಗ್ಗಕ್ಕೆ.

ಅದಕ್ಕೇ ನಮ್ಮ ಪಟ್ಟಿಯಲ್ಲಿ ಮೊದಲ ಜಾಗಕ್ಕೆ ನೂರಕ್ಕೆ ಹದಿನಾರರಷ್ಟು ಕೈಗಳು, ಬಟನ್‌ಗೆ ನಲವತ್ತರ ಮೇಲೆ. ಒಂದು ಮಾತು, ಬಟನ್‌ನ ಈ ಧಾರಾಳ ಮುಂಚಿನವರೆಲ್ಲ ಬಿಟ್ಟಿದ್ದರೆ ಮಾತ್ರ. ಮೊದಲ ಜಾಗದವನು ಆಗಲೇ ರೇಸ್ ಮಾಡಿದ್ದರೆ ಅವನ ಕೈ ಗಟ್ಟಿಯಾಗಿರುತ್ತದೆ, ಆಗ ಬಟನ್‌ನಲ್ಲೂ ಈ ರಾಜ-ಗುಲಾಮ ಬಿಡೋದೇ ಸರಿ. ಸಣ್ಣ ಬ್ಲೈಂಡ್ ಬಟನ್ ಪಕ್ಕದಲ್ಲೇ ಇದೆ ಅಂತ ಅದನ್ನು ಒಳ್ಳೆ ಜಾಗ ಅಂದುಕೊಳ್ಳುವವರೂ ಇದ್ದಾರೆ. ನೆಲಕ್ಕೆ ಎಲೆ ಬಿದ್ದ ಮೇಲೆ ಮೊದಲು ಬಾಯಿ ಬಿಡಬೇಕಾದವನೇ ಅವನು!

ಇನ್ನು ತಪ್ಪಿಗೆ ಬರೋಣ. ಕೋಡ್ ಕುರ್ಚಿಯ ನಂಬರನ್ನೇ ಜಾಗ ಅಂತ ಓದುತ್ತಿತ್ತು. ಬಟನ್ ಎಲ್ಲಿದ್ದರೂ ಮೂರನೇ ಕುರ್ಚಿಯವನು ಮೊದಲಿಗ, ಆರನೆಯವನು ಬಟನ್. ಆಗಬೇಕಿದ್ದದ್ದು ಇದು:

```
pos = (seat - button + 6) % 6
```

0 ಬಂದರೆ ಬಟನ್, 1 ಮತ್ತು 2 ಬ್ಲೈಂಡ್‌ಗಳು, 3 ಮೊದಲಿಗ. ಬಟನ್ ಮೂರನೇ ಕುರ್ಚಿಯಲ್ಲಿದ್ದಾಗ ಆರನೆಯವನಿಗೆ 3 ಬರುತ್ತದೆ. ಅಂದರೆ ಆ 'ಹುಚ್ಚ' ಮೊದಲ ಜಾಗದಲ್ಲಿ ಕೂತು ಬಟನ್ ಪಟ್ಟಿ ಹಿಡಿದು ಆಡುತ್ತಿದ್ದ.

ನನ್ನ ಪರೀಕ್ಷೆಗೆ ಯಾಕೆ ಸಿಕ್ಕಲಿಲ್ಲ? ನಾನು 169 ಬಗೆಯ ಕೈಗಳನ್ನೂ ಆರೂ ಕುರ್ಚಿಗೆ ಕೊಟ್ಟು ನೋಡಿದ್ದೆ. ಆದರೆ ಬಟನ್‌ನ ಆರನೇ ಕುರ್ಚಿಯಲ್ಲೇ ಇಟ್ಟಿದ್ದೆ. ಅಲ್ಲಿ ಮಾತ್ರ ತಪ್ಪು ಲೆಕ್ಕವೂ ಸರಿ ಲೆಕ್ಕವೂ ಒಂದೇ ಉತ್ತರ ಕೊಡುತ್ತವೆ. ಸಾವಿರ ಸಾಲಿನ ಹಸಿರು ರಿಪೋರ್ಟ್, ಬಿಲ್ಲೆ ಒಂದು ಸಲವೂ ಜರುಗಿಲ್ಲ.

ಈಗ ಬಟನ್‌ನ ಆರೂ ಕಡೆ ತಿರುಗಿಸಿ ಪರೀಕ್ಷೆ ಮಾಡುತ್ತೇನೆ. ಮೊನ್ನೆ ಸೀನಿಯರ್ ಮತ್ತೆ ಬಂದರು. "ನಾಲ್ಕು ಜನ ಎದ್ದೋಗಿ ಇಬ್ಬರೇ ಉಳಿದ್ರೆ?" ಇಬ್ಬರೇ ಇದ್ದಾಗ ನಿಯಮ ಬೇರೆ. ಸಣ್ಣ ಬ್ಲೈಂಡ್ ಕಟ್ಟುವವನು ಬಟನ್‌ನವನೇ. ನೆಲಕ್ಕೆ ಎಲೆ ಬೀಳುವ ಮೊದಲು ಅವನದೇ ಮೊದಲ ಮಾತು, ಆಮೇಲೆ ಕೊನೆಯದು. 6ರ ಬದಲು 2 ಹಾಕಿದರೆ ನಮ್ಮ ಸೂತ್ರ ಎದುರಿನವನಿಗೆ 1 ಕೊಟ್ಟು ಸಣ್ಣ ಬ್ಲೈಂಡ್ ಮಾಡಿಬಿಡುತ್ತದೆ. ಆ ಟಿಕೆಟ್ ನನ್ನ ಹೆಸರಲ್ಲಿ ಇನ್ನೂ ತೆರೆದೇ ಇದೆ.