ಯಾಣದ ಹತ್ತಿರ ನಿಂತ ಜಿಲ್ಲೆಯ ಜನಮಧ್ಯ

ಉತ್ತರ ಕನ್ನಡದ ಎಲ್ಲ ಜನರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಜಿಲ್ಲೆಯ ಜನವಸತಿಯ ನಡುಬಿಂದು ಹುಡುಕಿದರೆ, ಅದು ಕಾರವಾರದಲ್ಲೂ ಸಿಗುವುದಿಲ್ಲ, ಶಿರಸಿಯಲ್ಲೂ ಸಿಗುವುದಿಲ್ಲ. 2011ರ ಜನಗಣತಿಯ ಪ್ರಕಾರ ಜಿಲ್ಲೆಯಲ್ಲಿ 14,37,169 ಜನ. ಪ್ರತಿ ತಾಲ್ಲೂಕಿನ ಜನರನ್ನೆಲ್ಲ ಅದರ ಮುಖ್ಯ ಊರಿನಲ್ಲೇ ಇದ್ದಾರೆ ಎಂದು ಇಟ್ಟುಕೊಂಡು ನಾವು ತೆಗೆದ ಬಿಂದು ಸುಮಾರು 14.64 ಉತ್ತರ, 74.59 ಪೂರ್ವದಲ್ಲಿ ಬಂತು. ಅಂದರೆ ಯಾಣದ ಬಂಡೆಗಳಿಂದ ಉತ್ತರಕ್ಕೆ ಸುಮಾರು 6 ಕಿಲೋಮೀಟರ್ ದೂರದ ಕಾಡು. ಅಂಕೋಲೆಯಿಂದಲೂ ಶಿರಸಿಯಿಂದಲೂ ಹೆಚ್ಚುಕಡಿಮೆ 30 ಕಿಲೋಮೀಟರ್.

ಶಿರಸಿಯಲ್ಲಿ ಭೂಗೋಳ ಕಲಿಸುವ ನಾನು ಪದವಿ ವಿದ್ಯಾರ್ಥಿಗಳ ಜೊತೆ ಈ ಲೆಕ್ಕಕ್ಕೆ ಕೂತದ್ದು ಮಳೆಗಾಲದ ಒಂದು ಶನಿವಾರ. ಹಲವು ಜನಗಣತಿಗಳ ನಡುಬಿಂದುಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿ, ಜನವಸತಿ ಯಾವ ಕಡೆ ವಾಲುತ್ತಿದೆ ಅಂತ ನೋಡುವುದು ನಮ್ಮ ಉದ್ದೇಶ.

ಲೆಕ್ಕ ಸುಲಭ. ಜಿಲ್ಲೆಯನ್ನು ಭಾರವಿಲ್ಲದ ಒಂದು ಹಲಗೆ ಅಂದುಕೊಳ್ಳಿ. ಪ್ರತಿ ಊರಿನ ಜಾಗದಲ್ಲಿ ಅಲ್ಲಿನ ಜನರಷ್ಟು ತೂಕ ಇಡಿ. ಹಲಗೆ ಎಲ್ಲಿ ಬೆರಳಿಟ್ಟರೆ ವಾಲದೆ ನಿಲ್ಲುತ್ತದೋ ಅದೇ ನಡುಬಿಂದು. ಬರೆಯುವುದಾದರೆ ಇಷ್ಟೇ:

```
X = Σ(p·x) / Σp
Y = Σ(p·y) / Σp
```

ಇಲ್ಲಿ p ಜನಸಂಖ್ಯೆ, x ಮತ್ತು y ಜಾಗದ ಅಳತೆ. ಅಕ್ಷಾಂಶ ರೇಖಾಂಶಗಳನ್ನೇ ಹಾಕಿದರೂ ನಮ್ಮಂಥ ಒಂದು ಜಿಲ್ಲೆಯ ಮಟ್ಟಿಗೆ ಬಿಂದು ಹೆಚ್ಚೇನೂ ಕೆಡುವುದಿಲ್ಲ. ಆದರೆ ಸರಿದ ದೂರವನ್ನು ಮೀಟರಿನಲ್ಲಿ ಹೇಳಬೇಕಲ್ಲ. ಹಾಗಾಗಿ ಎಲ್ಲವನ್ನೂ ಮೊದಲೇ ಜಾಗವನ್ನು ಮೀಟರಿನಲ್ಲಿ ಅಳೆಯುವ EPSG:32643 ಪದ್ಧತಿಗೆ ಬದಲಾಯಿಸಿಕೊಂಡೆವು. ನಕ್ಷೆ ಮಾಡುವ ತಂತ್ರಾಂಶ QGISನಲ್ಲಿ `Mean coordinate(s)` ಅಂತ ಒಂದು ಸಾಧನ ಇದೆ. ಅದರ `Weight field`ಗೆ ಜನಸಂಖ್ಯೆ, `Unique ID field`ಗೆ ಜನಗಣತಿಯ ವರ್ಷ ಕೊಟ್ಟರೆ ಪ್ರತಿ ವರ್ಷಕ್ಕೂ ಒಂದೊಂದು ಬಿಂದು ಬರುತ್ತದೆ.

ಬಿಂದುಗಳು ಬಂದವು. 1961ರಿಂದ 1981ರವರೆಗೆ ಅವು ಈಶಾನ್ಯದ ಕಡೆ ದೊಡ್ಡ ಹೆಜ್ಜೆ ಇಟ್ಟಿದ್ದವು. ಇದು ಯಾರಿಗೂ ಆಶ್ಚರ್ಯ ಆಗಲಿಲ್ಲ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದದ್ದು 1950ರ ದಶಕದ ಕೊನೆಗೆ. ಮುಂಡಗೋಡದಲ್ಲಿ ಟಿಬೆಟಿಯನ್ನರ ವಸತಿ ಆದದ್ದು 1966ರಲ್ಲಿ. ಜನಗಣತಿ ಯಾರ ಪೌರತ್ವ ಯಾವುದು ಅಂತ ನೋಡಿ ಬಿಡುವುದಿಲ್ಲ, ಇದ್ದವರನ್ನೆಲ್ಲ ಎಣಿಸುತ್ತದೆ. ಮಲೇರಿಯಾ ತಗ್ಗಿದ ಮೇಲೆ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಜನ ನೆಲೆ ನಿಂತದ್ದೂ ಆ ಕಾಲದಲ್ಲೇ. 2001ರಿಂದ 2011ಕ್ಕೆ ಬರುವ ಹೊತ್ತಿಗೆ ಹೆಜ್ಜೆ ಸಣ್ಣದಾಗಿತ್ತು. ಈಶಾನ್ಯಕ್ಕೇ, ಆದರೆ ಕೆಲವೇ ನೂರು ಮೀಟರ್.

ಆಗ ಜೊಯಿಡಾ ತಾಲ್ಲೂಕಿನ ರಾಮನಗರದ ವಿದ್ಯಾರ್ಥಿನಿಯೊಬ್ಬಳು ಪಟ್ಟಿ ನೋಡುತ್ತ ಕೇಳಿದಳು. "ಮೇಡಂ, 1961ಕ್ಕೂ ಜೊಯಿಡಾ ಅಂತ ಹಾಕಿದ್ದೀರಲ್ಲ. ಆಗ ತಾಲ್ಲೂಕಿನ ಊರು ಸೂಪಾ ಅಲ್ವಾ? ನಮ್ಮ ಅಜ್ಜ ಸೂಪಾದವರೇ."

ಅವಳ ಮಾತು ಸರಿ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಪೇಟೆ ನೀರಿನಡಿ ಹೋಯಿತು. ಅಲ್ಲಿನ ಬಹಳಷ್ಟು ಮನೆಗಳವರು ರಾಮನಗರಕ್ಕೆ ಬಂದು ನೆಲೆಸಿದರು. ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಹೋಯಿತು. ಇನ್ನೊಬ್ಬ ಹುಡುಗ ಅದಕ್ಕೆ ಒಪ್ಪಲಿಲ್ಲ. "ಒಂದು ವರ್ಷಕ್ಕೆ ಸೂಪಾ, ಇನ್ನೊಂದು ವರ್ಷಕ್ಕೆ ಜೊಯಿಡಾ ಅಂತ ಇಟ್ಟರೆ ಹೋಲಿಸೋದು ಹೇಗೆ ಮೇಡಂ? ಕಚೇರಿ ಹೋದರೆ ಇಡೀ ತಾಲ್ಲೂಕಿನ ಜನ ಹೋದ ಹಾಗಾ?"

ಇಬ್ಬರೂ ಹೇಳಿದ್ದು ಗಟ್ಟಿಯಾದ ಮಾತೇ. ಆ ದಿನದ ಉಳಿದ ಹೊತ್ತೆಲ್ಲ ಈ ಪ್ರಶ್ನೆಗೇ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು.

ಮೊದಲು ಅಳೆದು ನೋಡೋಣ ಅಂದೆ. ಜನಸಂಖ್ಯೆಯನ್ನು ಮುಟ್ಟಲಿಲ್ಲ. 2011ರದ್ದನ್ನೇ ಇಟ್ಟುಕೊಂಡೆವು. ಜೊಯಿಡಾ ತಾಲ್ಲೂಕಿನ ಬಿಂದುವನ್ನು ಮಾತ್ರ ಸೂಪಾದ ಹಳೆಯ ಜಾಗಕ್ಕೆ ಒಯ್ದೆವು. ನೇರ ಗೆರೆಯಲ್ಲಿ ಅದು ಸುಮಾರು 11 ಕಿಲೋಮೀಟರ್. ತಾಲ್ಲೂಕಿನಲ್ಲಿ ಇರುವುದು ಸುಮಾರು 52,000 ಜನ, ಜಿಲ್ಲೆಯ ನೂರಕ್ಕೆ 3.6 ಪಾಲು. ಹಾಗಾದರೆ ಜಿಲ್ಲೆಯ ನಡುಬಿಂದು ಎಷ್ಟು ಸರಿಯಬೇಕು? 11 ಕಿಲೋಮೀಟರಿನ ನೂರಕ್ಕೆ 3.6 ಅಂದರೆ ಸುಮಾರು 400 ಮೀಟರ್. ಜಿಲ್ಲೆಯಲ್ಲೇ ಅತಿ ಕಡಿಮೆ ಜನರಿರುವ ತಾಲ್ಲೂಕು ಅದು. ಅದರ ಬಿಂದು ಬದಲಾದರೆ ಸಾಕು, 2001 ಮತ್ತು 2011ರ ನಡುವೆ ಕಂಡ ಇಡೀ ಚಲನೆಯಷ್ಟೇ ದೊಡ್ಡ ಚಲನೆ ಹುಟ್ಟಿಬಿಡುತ್ತದೆ. ಒಬ್ಬ ಮನುಷ್ಯನೂ ಮನೆ ಬಿಡದೆ.

ಇಂಥ ನಕ್ಷೆ ಯಾರೇ ತೋರಿಸಲಿ, ನಾನು ಮೊದಲು ಕೇಳುವುದು ಇದನ್ನೇ. ಜನಸಂಖ್ಯೆಯನ್ನು ಒಂದು ವರ್ಷಕ್ಕೆ ಕಟ್ಟಿಹಾಕಿ, ಬಿಂದುಗಳನ್ನು ಮಾತ್ರ ಬದಲಾಯಿಸಿ ನೋಡಿದಿರಾ? ಹಾಗೆ ಮಾಡಿದಾಗ ನಡುಬಿಂದು ಎಷ್ಟು ಸರಿಯುತ್ತದೋ ಅಷ್ಟು ದೂರ ಲೆಕ್ಕದ ಅನುಮಾನ. ಅದಕ್ಕಿಂತ ಸಣ್ಣ ಚಲನೆಯನ್ನು ಜನರ ಚಲನೆ ಅನ್ನಬಾರದು.

ಹಾಗಾದರೆ ಸೂಪಾ ಇಡಬೇಕೋ ಜೊಯಿಡಾ ಇಡಬೇಕೋ? ಎರಡೂ ಬೇಡ ಅನ್ನುವುದೇ ಉತ್ತರ. ತಾಲ್ಲೂಕಿನ ಮುಖ್ಯ ಊರಿನಲ್ಲಿ ಇಡೀ ತಾಲ್ಲೂಕು ಇರುವುದಿಲ್ಲ. ಕಾರವಾರ ತಾಲ್ಲೂಕಿನ ಬಿಂದುವನ್ನು ಕಾರವಾರದಲ್ಲೇ ಇಟ್ಟರೆ, ಘಟ್ಟದ ಬುಡದ ಕದ್ರಾ, ಮಲ್ಲಾಪುರದವರೂ ಸಮುದ್ರದ ದಂಡೆಯಲ್ಲಿ ಇದ್ದಂತಾಯಿತು. ತಾಲ್ಲೂಕಿನ ನಕ್ಷೆಯ ನಟ್ಟನಡುವೆ ಇಟ್ಟರೂ ತಪ್ಪು. ಅಲ್ಲಿ ಬರೀ ಕಾಡು. ಹಳ್ಳಿಗಳನ್ನೇ ಬಿಂದುಗಳಾಗಿ ತೆಗೆದುಕೊಳ್ಳಬೇಕು. ಹಳ್ಳಿವಾರು ಜನಸಂಖ್ಯೆ ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿ ಸಿಗುತ್ತದೆ. ಆದರೆ ಕಂದಾಯ ಹಳ್ಳಿಯ ಗಡಿಯೊಳಗೂ ನಮ್ಮಲ್ಲಿ ಬೆಟ್ಟ, ಕಾಡು ಜಾಸ್ತಿ. ಬಿಂದುವನ್ನು ಗಡಿಯ ನಡುವಿಗಲ್ಲ, ಮನೆಗಳಿರುವ ಕೇರಿಯ ಹತ್ತಿರ ಇಡಬೇಕು. ಮುಳುಗಿದ ಹಳ್ಳಿಗಳಿಗೆ ಈಗಿನ ಉಪಗ್ರಹ ಚಿತ್ರ ಪ್ರಯೋಜನವಿಲ್ಲ. ಅಣೆಕಟ್ಟಿಗಿಂತ ಹಿಂದಿನ ಸರ್ವೆ ಆಫ್ ಇಂಡಿಯಾ ನಕ್ಷೆಯೇ ಬೇಕು.

ಇಡೀ ಜಿಲ್ಲೆಯ ಸಾವಿರಕ್ಕೂ ಹೆಚ್ಚು ಹಳ್ಳಿಗಳನ್ನು ಎಲ್ಲ ವರ್ಷಗಳಿಗೂ ಹೊಂದಿಸುವುದು ದೊಡ್ಡ ಕೆಲಸ. 2001ರ ಹಳ್ಳಿ ಸಂಕೇತ ಸಂಖ್ಯೆ 2011ರಲ್ಲಿ ಬದಲಾಗಿದೆ. ಒಂದೇ ಹೆಸರಿನ ಹಳ್ಳಿಗಳೂ ಇವೆ. ಆದರೆ ಈ ಲೆಕ್ಕದಲ್ಲಿ ಒಂದು ಒಳ್ಳೆಯ ಗುಣ ಇದೆ. ಒಂದು ತಾಲ್ಲೂಕಿನ ಹಳ್ಳಿಗಳಿಂದ ಆ ತಾಲ್ಲೂಕಿನ ನಡುಬಿಂದು ತೆಗೆದು, ಅಲ್ಲಿ ತಾಲ್ಲೂಕಿನ ಒಟ್ಟು ಜನರನ್ನು ಇಟ್ಟರೆ, ಹಳ್ಳಿಗಳನ್ನು ಬೇರೆ ಬೇರೆಯಾಗಿ ಇಟ್ಟಷ್ಟೇ ಸರಿಯಾದ ಉತ್ತರ ಬರುತ್ತದೆ. ಹಾಗಾಗಿ ತಾಲ್ಲೂಕು ತಾಲ್ಲೂಕಾಗಿ ಮುಂದುವರಿಯಬಹುದು. ನಾವು ಜೊಯಿಡಾದಿಂದಲೇ ಶುರು ಮಾಡಿದೆವು. ರಾಮನಗರದ ಹುಡುಗಿ ಅಜ್ಜನಿಗೆ ಫೋನ್ ಮಾಡಿ, ಯಾವ ಹಳ್ಳಿ ನದಿಯ ಯಾವ ದಂಡೆಯಲ್ಲಿತ್ತು ಅಂತ ಕೇಳಿ ಕೇಳಿ ಹಳೆಯ ನಕ್ಷೆಯಲ್ಲಿ ಗುರುತು ಹಾಕಿದಳು. ಅಜ್ಜ ಹೇಳಿದ ಜಾಗಗಳು ನಕ್ಷೆಗೆ ತಾಳೆಯಾಗುತ್ತಿದ್ದವು. ಅವಳಿಗಿಂತ ನನಗೇ ಜಾಸ್ತಿ ಖುಷಿ.

ಮಧ್ಯಾಹ್ನದ ಮೇಲೆ ಮಾತು ಸೀಬರ್ಡ್ ಕಡೆ ತಿರುಗಿತು. ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲೆಯ ನಡುವಿನ ಕರಾವಳಿಯಿಂದ ಸಾವಿರಾರು ಕುಟುಂಬಗಳು ಎದ್ದವು. ಅಂಕೋಲೆಯ ಹುಡುಗನೊಬ್ಬ ಕೇಳಿದ. "ಅಷ್ಟು ಜನ ಊರು ಬಿಟ್ಟದ್ದು ಇದರಲ್ಲಿ ಎಲ್ಲಿ ಕಾಣ್ತದೆ ಮೇಡಂ?" ಬೋರ್ಡಿನ ಮೇಲೆ ಲೆಕ್ಕ ಹಾಕಿದೆ. 20,000 ಜನ 10 ಕಿಲೋಮೀಟರ್ ದೂರ ಹೋದರು ಅಂತ ಇಟ್ಟುಕೊಳ್ಳೋಣ. ಎರಡನ್ನೂ ಗುಣಿಸಿ ಆಗಿನ ಸುಮಾರು 13.5 ಲಕ್ಷದಿಂದ ಭಾಗಿಸಿದರೆ ನಡುಬಿಂದು ಸರಿಯುವುದು ಸುಮಾರು 150 ಮೀಟರ್. ತಾಲ್ಲೂಕಿನ ಊರುಗಳನ್ನೇ ಬಿಂದುಗಳಾಗಿ ಇಟ್ಟ ಪಟ್ಟಿಯಲ್ಲಂತೂ, ಅದೇ ತಾಲ್ಲೂಕಿನೊಳಗೆ ಬೇರೆ ಕಡೆ ನೆಲೆಸಿದವರ ಪಾಲು ಸೊನ್ನೆ. ಹುಡುಗ ಸ್ವಲ್ಪ ಹೊತ್ತು ಬೋರ್ಡನ್ನೇ ನೋಡುತ್ತಿದ್ದ. "ಹಾಗಾದ್ರೆ ನಮ್ಮ ಕಡೆಯದಕ್ಕೆ ಬೇರೆ ನಕ್ಷೆ ಬೇಕು" ಅಂದ. ಹೌದು, ಬೇಕು. ಆ ಕರಾವಳಿಯ ಪಟ್ಟಿಗಷ್ಟೇ ಹಳ್ಳಿವಾರು ಏರಿಳಿತದ ನಕ್ಷೆ ಮಾಡಿ, ಜಿಲ್ಲೆಯ ನಕ್ಷೆಯ ಪಕ್ಕದಲ್ಲೇ ಹಾಕುವುದು ಅಂತ ಆಗಲೇ ತೀರ್ಮಾನ ಆಯಿತು.

ಬಿಂದು ನಿಂತಲ್ಲೇ ನಿಂತರೂ ಏನೂ ಆಗಿಲ್ಲ ಅಂತ ಅರ್ಥವಲ್ಲ. ನಮ್ಮ ಬಿಂದುವಿನಿಂದ ಹಳಿಯಾಳ ಉತ್ತರಕ್ಕೆ ಸುಮಾರು 75 ಕಿಲೋಮೀಟರ್, ಭಟ್ಕಳ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಜಿಲ್ಲೆಯಲ್ಲಿ ಹಳಿಯಾಳದ ಪಾಲು ನೂರಕ್ಕೆ ಒಂದು ಹೆಚ್ಚಿ, ಉಳಿದ ಎಲ್ಲ ಕಡೆ ಅದೇ ಅಳತೆಯಲ್ಲಿ ತಗ್ಗಿದರೆ ನಡುಬಿಂದು ಸುಮಾರು 900 ಮೀಟರ್ ಆ ಕಡೆ ಹೋಗುತ್ತದೆ. ಭಟ್ಕಳವೂ ಜೊತೆಗೇ ಬೆಳೆದರೆ ಉತ್ತರ ದಕ್ಷಿಣದ ಎಳೆತ ಬಹುಪಾಲು ಅಲ್ಲಲ್ಲಿಗೆ ತೀರಿತು. ಅದಕ್ಕೇ ನಾವು ಬಿಂದುವಿನ ಜೊತೆ ಪ್ರತಿ ತಾಲ್ಲೂಕಿನ ಪಾಲು ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವ ಪಟ್ಟಿಯನ್ನೂ ಇಟ್ಟೆವು. ಎಳೆದವರು ಯಾರು ಅಂತ ತಿಳಿಯುವುದು ಆ ಪಟ್ಟಿಯಿಂದಲೇ. ಹೆಚ್ಚಿದ್ದು ಹುಟ್ಟಿನಿಂದಲೋ ವಲಸೆಯಿಂದಲೋ ಎಂಬುದಕ್ಕೆ ಮಾತ್ರ ಜನಗಣತಿಯ ವಲಸೆ ಕೋಷ್ಟಕಗಳನ್ನೇ ನೋಡಬೇಕು.

ಸಂಜೆ ಕಂಪ್ಯೂಟರ್ ಮುಚ್ಚುವ ಮೊದಲು ಮುಂದಿನ ಜನಗಣತಿಗೆ ಬೇಕಾದ ಒಂದು ಸೂಚನೆಯನ್ನು ಪಟ್ಟಿಯ ಮೇಲ್ಭಾಗದಲ್ಲೇ ಬರೆಸಿದೆ. ಆ ಎಣಿಕೆಯ ದಿನಾಂಕ 2027ರ ಮಾರ್ಚ್ 1. ದಾಂಡೇಲಿ ಈಗ ಬೇರೆ ತಾಲ್ಲೂಕು. 2011ರಲ್ಲಿ ಅದು ಹಳಿಯಾಳದೊಳಗೇ ಇತ್ತು. ಹಳಿಯಾಳದಿಂದ ದಾಂಡೇಲಿ ನೇರ ಗೆರೆಯಲ್ಲಿ ಸುಮಾರು 17 ಕಿಲೋಮೀಟರ್. ದಾಂಡೇಲಿಯ ಸುಮಾರು 50,000 ಜನರ ತೂಕವನ್ನು ಒಂದು ವರ್ಷ ಹಳಿಯಾಳದಲ್ಲಿ, ಮುಂದಿನ ವರ್ಷ ದಾಂಡೇಲಿಯಲ್ಲಿ ಇಟ್ಟರೆ ನಡುಬಿಂದು ಸುಮ್ನೆ 600 ಮೀಟರ್ ನೈಋತ್ಯಕ್ಕೆ ಹಾರುತ್ತದೆ. ಆದ್ದರಿಂದ ಹೊಸ ಅಂಕಿ ಬಂದಾಗ ಹಳ್ಳಿವಾರು ಪಟ್ಟಿ ಸಿದ್ಧವಿಲ್ಲದಿದ್ದರೆ, ಎರಡೂ ತಾಲ್ಲೂಕುಗಳ ಜನರನ್ನು ಮೊದಲು ಕೂಡಿಸಿ, 2011ರ ಹಳಿಯಾಳದ ಬಿಂದುವಿನಲ್ಲೇ ಇಡಬೇಕು. ರಾಮನಗರದ ಹುಡುಗಿ ಅದನ್ನು ಕೆಂಪು ಅಕ್ಷರದಲ್ಲಿ ಬರೆದು, ಕೆಳಗೆ ಜೊಯಿಡಾ ಮತ್ತು ಸೂಪಾದ ಸಾಲನ್ನೂ ಸೇರಿಸಿದಳು.