ಮುಂಗಾಲಿನ ಮಂಡಿ ಎಷ್ಟು ಬಗ್ಗುತ್ತೆ? ಮೂರು ಭಾನುವಾರಗಳ ಲೆಕ್ಕ

ಅಕ್ಕನ ಮಗ ಬಲಗೈ ವೇಗದ ಬೌಲರ್, 16 ವರ್ಷ. ಚೆಂಡು ಬಿಡುವ ಹೊತ್ತಿಗೆ ಅವನ ಮುಂಗಾಲಿನ ಮಂಡಿ ಕುಸಿಯುತ್ತೆ ಅಂತ ಕೋಚ್ ಹೇಳುತ್ತಲೇ ಇದ್ದರು. "ಎಷ್ಟು ಕುಸಿಯುತ್ತೆ ಮಾಮ?" ಅಂತ ಒಂದು ದಿನ ಕೇಳಿದ. ಬರಿಗಣ್ಣಿಗೆ ಗೊತ್ತಾಗುವ ಮಾತಲ್ಲ ಅದು. ಮುಂಗಾಲು ನೆಲ ಮುಟ್ಟಿ ಚೆಂಡು ಕೈಬಿಡಲು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಮಾಮೂಲಿ 30 ಫ್ರೇಮಿನ ವಿಡಿಯೋದಲ್ಲಿ ಅದು ಮೂರೇ ಚಿತ್ರ. ಫೋನಿನ ಸ್ಲೋ ಮೋಷನ್‌ನಲ್ಲಿ, ಅಂದರೆ ಸೆಕೆಂಡಿಗೆ 240 ಫ್ರೇಮಿನಲ್ಲಿ, 24 ಚಿತ್ರ ಸಿಗುತ್ತವೆ.

ಮೊದಲ ಭಾನುವಾರ ಫೋನನ್ನು ಅವನ ಬಲಗಡೆ ಇಟ್ಟೆ. ಆ ಕಡೆ ಬೇವಿನ ಮರದ ನೆರಳಿತ್ತು, ಅಷ್ಟೇ ಕಾರಣ. ಮನೆಗೆ ಬಂದು ವಿಡಿಯೋವನ್ನು ಮೀಡಿಯಾಪೈಪ್ ಅನ್ನುವ, ಮೈಯ ಭಂಗಿ ಗುರುತಿಸುವ ಸಾಫ್ಟ್‌ವೇರ್‌ಗೆ ಕೊಟ್ಟೆ. ಅದು ಪ್ರತಿ ಫ್ರೇಮಿನಲ್ಲೂ ಮೈಮೇಲೆ 33 ಬಿಂದು ಗುರುತಿಸುತ್ತದೆ. ಬಲಗೈ ಬೌಲರ್‌ಗೆ ಮುಂಗಾಲು ಅಂದರೆ ಎಡಗಾಲು. ಎಡ ಸೊಂಟ 23, ಎಡ ಮಂಡಿ 25, ಎಡ ಕಣಕಾಲು 27. ಈ ಮೂರರಿಂದ ಮಂಡಿಯ ಕೋನ ತೆಗೆಯಬಹುದು, ಕಾಲು ಪೂರ್ತಿ ನೇರ ಇದ್ದರೆ 180 ಡಿಗ್ರಿ:

```python
p = xy * np.array([width, height])
u, v = p[23] - p[25], p[27] - p[25]
r = u @ v / (np.linalg.norm(u) * np.linalg.norm(v))
angle = np.degrees(np.arccos(r))
```

ಮೊದಲ ಸಾಲು ಬಿಟ್ಟರೆ ಲೆಕ್ಕ ಕೆಡುತ್ತದೆ. ಬಿಂದುಗಳು 0ಯಿಂದ 1ರ ಅಳತೆಯಲ್ಲಿ ಬರುತ್ತವೆ, ಆದರೆ ಚಿತ್ರ ಚೌಕವಲ್ಲ. ನೇರ ಕಾಲು ಆಗಲೂ ನೇರವಾಗೇ ಕಾಣುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳಲ್ಲ. ಬಗ್ಗಿದ ಕಾಲಿನ ಕೋನ ಮಾತ್ರ ತಪ್ಪಾಗುತ್ತದೆ.

ಗ್ರಾಫ್ ನೋಡಿ ಗಾಬರಿಯಾಯಿತು. ಕಾಲು ಊರಿದಾಗ 169 ಡಿಗ್ರಿ. ಸ್ವಲ್ಪ ಹೊತ್ತಿಗೆ ದಿಢೀರನೆ 112. ಮೂರು ಫ್ರೇಮ್ ಆದಮೇಲೆ ಮತ್ತೆ 155. ಎರಡು ಫ್ರೇಮಿನ ನಡುವೆ ಇರುವುದು ಸುಮಾರು 4 ಮಿಲಿಸೆಕೆಂಡ್. ಅಷ್ಟರಲ್ಲಿ ಯಾರ ಮಂಡಿಯೂ 40 ಡಿಗ್ರಿ ಬಗ್ಗಲ್ಲ.

ಬಿಂದುಗಳನ್ನು ಚಿತ್ರದ ಮೇಲೇ ಬರೆದು ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಎಡಗಾಲು ನೆಲಕ್ಕೆ ಊರಿ ನಿಂತಿದೆ. ಹಿಂದಿನ ಬಲಗಾಲು ಮಡಚಿಕೊಂಡು ಮುಂದಕ್ಕೆ ಬರುತ್ತಾ ಅದನ್ನು ದಾಟುತ್ತಿದೆ. ಕ್ಯಾಮೆರಾ ಬಲಗಡೆ ಇದ್ದದ್ದರಿಂದ ದಾಟುವ ಕ್ಷಣಕ್ಕೆ ಎಡ ಮಂಡಿ ಮರೆಯಾಯಿತು. 25 ಮತ್ತು 27ನೇ ಬಿಂದುಗಳು ಹಾರಿ ಬಲ ಮಂಡಿ, ಬಲ ಕಣಕಾಲಿನ ಮೇಲೆ ಕೂತವು. ಆ 112 ಡಿಗ್ರಿ ಇನ್ನೊಂದು ಕಾಲಿನದ್ದು!

ಇದನ್ನು ಹಿಡಿಯಲು ಒಂದು ಸುಲಭ ದಾರಿ ಸಿಕ್ಕಿತು. ಊರಿದ ಕಾಲಿನ ಕಣಕಾಲು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಇರಬೇಕು, ಅಲ್ವಾ? 27ನೇ ಬಿಂದು ಎಲ್ಲಿ ನೆಗೆಯುತ್ತದೋ ಆ ಫ್ರೇಮ್‌ಗಳನ್ನು ನಂಬಬಾರದು. ಬಿಂದು ಎಷ್ಟು ಚೆನ್ನಾಗಿ ಕಾಣುತ್ತಿದೆ ಅಂತ ಮಾಡೆಲ್ ಕೊಡುವ ವಿಸಿಬಿಲಿಟಿ ಅಂಕಿ ಇಲ್ಲಿ ನೆರವಾಗಲಿಲ್ಲ. ಕಾಲು ಅದಲುಬದಲಾದಾಗಲೂ ಅದು ಜಾಸ್ತಿಯೇ ಇತ್ತು. ಗ್ರಾಫ್ ನಯ ಮಾಡಿದರೆ ಸರಿಹೋದೀತು ಅಂತ ಅದನ್ನೂ ಮಾಡಿದೆ. ಆಗ ಸುಳ್ಳು ಗುಂಡಿ ಅಕ್ಕಪಕ್ಕದ ಸರಿಯಾದ ಫ್ರೇಮ್‌ಗಳಿಗೂ ಹರಡಿತು. ಮೊದಲು ಕೆಟ್ಟ ಫ್ರೇಮ್ ತೆಗೆಯಬೇಕು, ನಯ ಮಾಡುವುದು ಆಮೇಲೆ.

ಎರಡನೇ ಭಾನುವಾರ ಫೋನನ್ನು ಎಡಗಡೆಗೆ ತಂದೆ, ಮುಂಗಾಲು ಕ್ಯಾಮೆರಾಕ್ಕೆ ಹತ್ತಿರ ಇರಲಿ ಅಂತ. ಪಾಪಿಂಗ್ ಕ್ರೀಸಿನ ಗೆರೆಯನ್ನು ದಾರ ಹಿಡಿದು ಹೊರಕ್ಕೆ ಎಳೆದು, ಆ ದಾರದ ಮೇಲೇ ಟ್ರೈಪಾಡ್ ನಿಲ್ಲಿಸಿದೆ, ಸೊಂಟದ ಎತ್ತರಕ್ಕೆ. ಹೀಗೆ ಮಾಡಿದರೆ ಕಾಲು ಊರುವ ಜಾಗ ಸರಿಯಾಗಿ ಪಕ್ಕದಿಂದ ಕಾಣುತ್ತದೆ. ಓರೆಯಾಗಿ ಹಿಡಿದರೆ ಕೋನವೇ ಬೇರೆ ಕಾಣುತ್ತದೆ. ಕ್ರೀಸಿನ ಮೇಲೆ ಸ್ವಲ್ಪ ಸುಣ್ಣದ ಪುಡಿ ಉದುರಿಸಿದೆ. ಹಿಮ್ಮಡಿ ತಾಗಿದ ಫ್ರೇಮಿನಲ್ಲಿ ಬಿಳಿ ಧೂಳು ಏಳುತ್ತದೆ, ಕಾಲು ಊರಿದ್ದು ಯಾವಾಗ ಅನ್ನುವ ಅನುಮಾನವೇ ಉಳಿಯಲ್ಲ. ಚೆಂಡು ಬಿಟ್ಟ ಫ್ರೇಮನ್ನು ನಾನೇ ಕಣ್ಣಿನಿಂದ ಹುಡುಕಿದೆ. ಬೆರಳಿಗೂ ಚೆಂಡಿಗೂ ನಡುವೆ ಮೊದಲ ಸಲ ಬೆಳಕು ಕಾಣುವ ಫ್ರೇಮ್ ಅದು.

ಈ ಸಲ ಗ್ರಾಫ್ ನಂಬುವ ಹಾಗಿತ್ತು. ಕಾಲು ಊರಿದಾಗ 168, ಚೆಂಡು ಬಿಡುವಾಗ 149. ಉಳಿದ ಎರಡು ಎಸೆತಗಳಲ್ಲಿ ಬಿಡುವಾಗಿನ ಕೋನ 147 ಮತ್ತು 151. ಕುಸಿತ ನಿಜ, ಆದರೆ ಸುಮಾರು 20 ಡಿಗ್ರಿ, 57 ಅಲ್ಲ. ಮೂರನೇ ಭಾನುವಾರ 20 ಫ್ರೇಮ್‌ಗಳಲ್ಲಿ ಸೊಂಟ, ಮಂಡಿ, ಕಣಕಾಲನ್ನು ಕೈಯಿಂದ ಗುರುತು ಮಾಡಿ ಹೋಲಿಸಿದೆ. ಹೆಚ್ಚಿನವುಗಳಲ್ಲಿ 3-4 ಡಿಗ್ರಿ ವ್ಯತ್ಯಾಸ. ಸಡಿಲ ಪ್ಯಾಂಟಿನ ಒಳಗೆ ಸೊಂಟ ಎಲ್ಲಿದೆ ಅನ್ನುವುದೇ ನನಗೂ ಮಾಡೆಲ್‌ಗೂ ಕಷ್ಟದ ಪ್ರಶ್ನೆ. ಹಾಗಾಗಿ 5 ಡಿಗ್ರಿಗಿಂತ ಕಡಿಮೆ ಬದಲಾವಣೆ ಕಂಡರೆ ಸುಧಾರಣೆ ಅಂತ ಹೇಳುವುದಿಲ್ಲ.

ಮೊಣಕೈ ನೆಟ್ಟಗಾಗುವುದು ಐಸಿಸಿಯ 15 ಡಿಗ್ರಿ ಮಿತಿ ದಾಟುತ್ತಾ ಅಂತಲೂ ನೋಡಿ ಅಂದರು ಕೆಲವರು. ಒಂದೇ ಫೋನಿನಿಂದ ಅದನ್ನು ಅಳೆಯಬಾರದು. ತೋಳು ತಿರುಗುತ್ತಾ ಬರುವಾಗ, ಸ್ವಲ್ಪ ಬಗ್ಗಿದ ಕೈ ಹಾಗೇ ಇದ್ದರೂ ಒಂದು ಕಡೆಯಿಂದ ನೆಟ್ಟಗಾದಂತೆ ಕಾಣುತ್ತದೆ. ಒಬ್ಬ ಹುಡುಗನ ಮೇಲೆ ಅಕ್ರಮ ಬೌಲಿಂಗ್ ಅನ್ನುವ ಮಾತು ಹೊರಿಸಲು ನನಗೆ ಇಷ್ಟವಿಲ್ಲ.

ಫ್ರೇಮ್‌ಗಳನ್ನು ಕೋಚ್‌ಗೆ ತೋರಿಸಿದೆ. ತಕ್ಷಣ ಕಾಲು ಬಿಗಿ ಮಾಡು ಅನ್ನಲಿಲ್ಲ ಅವರು. ಮಂಡಿ ನೆಟ್ಟಗಿದ್ದರೆ ವೇಗಕ್ಕೆ ಒಳ್ಳೆಯದು, ಆದರೆ ನೆಲದ ಹೊಡೆತವೂ ಜಾಸ್ತಿ, ಬೆಳೆಯುವ ಹುಡುಗನ ಬೆನ್ನು ನೋಡಿಕೊಳ್ಳಬೇಕು ಅಂದರು. ಮೊದಲು ಕಾಲಿನ ಶಕ್ತಿಗೆ ಎಂಟು ವಾರದ ವ್ಯಾಯಾಮ. ಟ್ರೈಪಾಡ್ ನಿಂತ ಜಾಗದಲ್ಲಿ ಒಂದು ಗೂಟ ಹೊಡೆದು ಬಂದಿದ್ದೇನೆ. ಮುಂದಿನ ಅಳತೆಯೂ ಅಲ್ಲಿಂದಲೇ.