ಪುಸ್ತಕದಲ್ಲಿ 36 ದಿನ, ಅಸಲಿಗೆ 128 ದಿನ

ಕಲಬುರಗಿಯ ಗಂಜ್ ಕಡೆಯ ಒಂದು ಕ್ರಿಮಿನಾಶಕ ಹೋಲ್‌ಸೇಲ್ ಅಂಗಡಿಯ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಕಂಪನಿಗಳಿಂದ ಮಾಲು ತರಿಸಿ ಆಳಂದ, ಜೇವರ್ಗಿ, ಅಫಜಲಪುರ, ಚಿತ್ತಾಪುರದ ಫರ್ಟಿಲೈಸರ್ ಅಂಗಡಿಗಳಿಗೆ ಕೊಡುತ್ತೇವೆ. ಹೆಚ್ಚುಕಮ್ಮಿ ಎಲ್ಲವೂ ಉದ್ರಿ ವ್ಯಾಪಾರ. ನಮ್ಮಿಂದ ಅಂಗಡಿಯವರಿಗೆ ಉದ್ರಿ, ಅಂಗಡಿಯವರಿಂದ ರೈತರಿಗೆ ಉದ್ರಿ. ರೊಕ್ಕ ತಿರುಗಿ ಬರುವುದು ತೊಗರಿ ರಾಶಿ ಆದ ಮೇಲೆ.

ಇಂಥ ವ್ಯಾಪಾರದಲ್ಲಿ ಮೂರು ಲೆಕ್ಕ ಹಾಕುತ್ತಾರೆ. ಮಾಲು ಗೋದಾಮಿನಲ್ಲಿ ಎಷ್ಟು ದಿನ ಕೂತಿರುತ್ತದೆ, ಅದು ಸ್ಟಾಕ್ ದಿನ. ಮಾರಿದ ಮೇಲೆ ರೊಕ್ಕ ಬರಲು ಎಷ್ಟು ದಿನ, ಅದು ವಸೂಲಿ ದಿನ. ನಾವು ಕಂಪನಿಗೆ ಎಷ್ಟು ದಿನ ಬಿಟ್ಟು ಕೊಡುತ್ತೇವೆ, ಅದು ಬಾಕಿ ದಿನ. ಮೊದಲ ಎರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ ನಮ್ಮ ರೊಕ್ಕ ಎಷ್ಟು ದಿನ ಹೊರಗೆ ಸಿಕ್ಕಿಕೊಂಡಿರುತ್ತದೆ ಎಂದು ಗೊತ್ತಾಗುತ್ತದೆ. ಓದಲು ಸುಲಭ. ಆದರೆ ನಮ್ಮಂಥ ಸೀಜನ್ ವ್ಯಾಪಾರದಲ್ಲಿ ಇದೇ ಲೆಕ್ಕ ಕಣ್ಣಿಗೆ ಮಣ್ಣೆರಚುತ್ತದೆ. ಹೇಗೆ ಅಂತ ಒಂದು ವರ್ಷದ ಅಂಕಿ ಇಟ್ಟು ಹೇಳುತ್ತೇನೆ. ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ವರ್ಷದ ಮಾರಾಟ ಜಿಎಸ್‌ಟಿ ಬಿಟ್ಟು 6 ಕೋಟಿ. ಆ ಮಾಲಿನ ಖರೀದಿ ಬೆಲೆ 5 ಕೋಟಿ 40 ಲಕ್ಷ. ಮಾರ್ಚ್ 31ಕ್ಕೆ ಸ್ಟಾಕ್ 45 ಲಕ್ಷ, ಅಂಗಡಿಗಳಿಂದ ಬರಬೇಕಾದದ್ದು 70 ಲಕ್ಷ, ಕಂಪನಿಗಳಿಗೆ ಕೊಡಬೇಕಾದದ್ದು 60 ಲಕ್ಷ.

ದಿನ ತೆಗೆಯಲು ಈ ಮೊತ್ತಗಳನ್ನು ವರ್ಷದ ಖರೀದಿ ಅಥವಾ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಬೇಕು. ಭಾಗಿಸುವಾಗಲೇ ಒಂದು ಎಚ್ಚರ ಬೇಕು. ಸ್ಟಾಕ್ ನಮ್ಮ ಪುಸ್ತಕದಲ್ಲಿ ಜಿಎಸ್‌ಟಿ ಇಲ್ಲದ ಖರೀದಿ ಬೆಲೆಯಲ್ಲಿರುತ್ತದೆ. ಹಾಗಾಗಿ ಅದನ್ನು 5.40 ಕೋಟಿಯಿಂದಲೇ ಭಾಗಿಸಬೇಕು, ಮಾರಾಟದಿಂದ ಅಲ್ಲ. ಅಂಗಡಿಗಳ ಬಾಕಿಯಲ್ಲಾದರೆ ಜಿಎಸ್‌ಟಿ ಸೇರಿಕೊಂಡಿರುತ್ತದೆ. ಕ್ರಿಮಿನಾಶಕಕ್ಕೆ 18 ಪರ್ಸೆಂಟ್ ತೆರಿಗೆ. ಅಂದರೆ ಅಲ್ಲಿ ಮಾರಾಟವನ್ನು 7 ಕೋಟಿ 8 ಲಕ್ಷ ಎಂದು ಹಿಡಿಯಬೇಕು. ಸುಮ್ನೆ 6 ಕೋಟಿಯಿಂದ ಭಾಗಿಸಿದರೆ ವಸೂಲಿ ದಿನ 43 ಬರುತ್ತದೆ, ಸರಿಯಾಗಿ ಮಾಡಿದರೆ 36. ಏಳು ದಿನ ಬರೀ ತೆರಿಗೆಯ ನೆರಳು. ಕಂಪನಿಗಳ ಬಾಕಿಗೂ ಹೀಗೇ, ಖರೀದಿಗೆ ತೆರಿಗೆ ಸೇರಿಸಿಯೇ ಭಾಗಿಸಬೇಕು.

ಹೀಗೆ ಮಾಡಿದಾಗ ಸ್ಟಾಕ್ 30 ದಿನ, ವಸೂಲಿ 36 ದಿನ, ಬಾಕಿ 34 ದಿನ. ಮೂವತ್ತು ಮತ್ತು ಮೂವತ್ತಾರು ಕೂಡಿಸಿ ಮೂವತ್ನಾಲ್ಕು ಕಳೆದರೆ 32 ದಿನ. ಹೊರಗೆ ಸಿಕ್ಕಿಕೊಂಡ ರೊಕ್ಕ 55 ಲಕ್ಷ. ಬ್ಯಾಂಕಿನವರಿಗೆ ತೋರಿಸಲು ಬಹಳ ಚಂದದ ಅಂಕಿ.

ಈಗ ಅಕ್ಟೋಬರ್ ಕೊನೆಗೆ ಬನ್ನಿ. ತೊಗರಿಗೆ ಕಾಯಿಕೊರಕದ ಔಷಧಿ ಹೊಡೆಯುವ ಕಾಲ. ಸ್ಟಾಕ್ 80 ಲಕ್ಷ. ಅಂಗಡಿಗಳಿಂದ ಬರಬೇಕಾದದ್ದು 3 ಕೋಟಿ 5 ಲಕ್ಷ. ಕಂಪನಿಗಳು ಅಷ್ಟರಲ್ಲಿ ತಮ್ಮ ಬಾಕಿಯನ್ನು ಎಳೆದುಕೊಂಡಿರುತ್ತವೆ, ಉಳಿದದ್ದು 70 ಲಕ್ಷ ಮಾತ್ರ. ಹೊರಗೆ ಸಿಕ್ಕಿಕೊಂಡ ರೊಕ್ಕ 3 ಕೋಟಿ 15 ಲಕ್ಷ. ಸಾಹುಕಾರರ ಸ್ವಂತದ್ದು 1 ಕೋಟಿ 35 ಲಕ್ಷ, ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲ, ಅಂದರೆ ಸಿಸಿ, 1 ಕೋಟಿ 50 ಲಕ್ಷ. ಕೂಡಿಸಿದರೂ 30 ಲಕ್ಷ ಕಮ್ಮಿ. ಆ 30 ಲಕ್ಷ ಕೈಗಡ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ. ಮೂರು ತಿಂಗಳಿಗೆ 1 ಲಕ್ಷ 80 ಸಾವಿರ ಅಲ್ಲೇ ಹೋಯಿತು.

ಅದೇ ಅಂಗಡಿ, ಅದೇ ಮಾಲು. ಮಾರ್ಚ್‌ನಲ್ಲಿ 55 ಲಕ್ಷ, ಅಕ್ಟೋಬರ್‌ನಲ್ಲಿ 3 ಕೋಟಿ 15 ಲಕ್ಷ. ಮಾರ್ಚ್ 31 ನಮ್ಮ ವರ್ಷದಲ್ಲಿ ಬಹಳ ಸಪ್ಪೆ ದಿನ. ತೊಗರಿ ಮಾರಾಟವಾಗಿ ಅಂಗಡಿಯವರು ಕೊಡಬೇಕಾದ್ದು ಬಹುಪಾಲು ಕೊಟ್ಟಾಗಿದೆ, ಹೊಸ ಮಾಲು ಇನ್ನೂ ಬಂದಿಲ್ಲ. ಅಂಥ ದಿನ ತೆಗೆದ ಫೋಟೊದಲ್ಲಿ ಎಲ್ಲರೂ ತೆಳ್ಳಗೇ ಕಾಣುತ್ತಾರೆ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಹನ್ನೆರಡು ತಿಂಗಳ ಕೊನೆಯ ಬಾಕಿಯ ಸರಾಸರಿ ಹಿಡಿಯುವುದು. ಹಾಗೆ ಮಾಡಿದರೆ ಸ್ಟಾಕ್ 71 ದಿನ, ವಸೂಲಿ 91 ದಿನ, ಬಾಕಿ 49 ದಿನ, ಒಟ್ಟು 113 ದಿನ. ಮೂವತ್ತೆರಡಕ್ಕಿಂತ ಎಷ್ಟೋ ನಿಜ. ವರ್ಷಕ್ಕೆ ಎಷ್ಟು ಬಂಡವಾಳ ಬೇಕು ಎಂದು ಯೋಚಿಸಲು ಇದು ಸಾಕು. ಆದರೆ ಇವತ್ತು ವಸೂಲಿ ಸರಿ ಇದೆಯೋ ಇಲ್ಲವೋ ಎಂದು ಈ ಸರಾಸರಿ ಹೇಳುವುದಿಲ್ಲ.

ಅದಕ್ಕೆ ನಾನು ಹಿಂದಕ್ಕೆ ಎಣಿಸುವ ಲೆಕ್ಕ ಹಾಕುತ್ತೇನೆ. ಅಂಗಡಿಗಳ ಬಾಕಿಯನ್ನು ಇಡೀ ವರ್ಷದ ಮಾರಾಟದಿಂದ ಭಾಗಿಸುವುದಿಲ್ಲ. ಇತ್ತೀಚಿನ ತಿಂಗಳಿಂದ ಶುರು ಮಾಡಿ ಒಂದೊಂದೇ ತಿಂಗಳ ಮಾರಾಟವನ್ನು ಬಾಕಿಯಿಂದ ಕಳೆಯುತ್ತಾ ಹೋಗುತ್ತೇನೆ.

ಅಕ್ಟೋಬರ್ ಕೊನೆಗೆ ಬಾಕಿ 305 ಲಕ್ಷ. ಅಕ್ಟೋಬರ್ ಮಾರಾಟ ತೆರಿಗೆ ಸೇರಿ 110 ಲಕ್ಷ, ಕಳೆದರೆ ಉಳಿದದ್ದು 195. ಸೆಪ್ಟೆಂಬರ್ 105 ಲಕ್ಷ, ಉಳಿದದ್ದು 90. ಆಗಸ್ಟ್ ಮಾರಾಟ 120 ಲಕ್ಷ, 90 ಅದರೊಳಗೇ ಮುಗಿಯಿತು. 120ಕ್ಕೆ 31 ದಿನವಾದರೆ 90ಕ್ಕೆ 23 ದಿನ. ಅಕ್ಟೋಬರ್ 31, ಸೆಪ್ಟೆಂಬರ್ 30, ಆಗಸ್ಟ್ 23, ಒಟ್ಟು 84 ದಿನ. ಸಾದಾ ಸೂತ್ರದಲ್ಲಿ ಇದೇ ಬಾಕಿಗೆ 157 ದಿನ ಬರುತ್ತದೆ. ಆ 157 ನೋಡಿ ಸಾಹುಕಾರರು ವಸೂಲಿ ಹುಡುಗರನ್ನು ಬೈದರೆ ಅನ್ಯಾಯವೇ. ಮಾರಾಟ ಜೋರಾಗಿರುವ ಕಾಲದಲ್ಲಿ ಬಾಕಿ ದೊಡ್ಡದಾಗಿರುವುದು ಸಹಜ.

ಈಗ ಮಾರ್ಚ್‌ಗೂ ಹೀಗೇ ಮಾಡೋಣ. ಬಾಕಿ 70 ಲಕ್ಷ. ಮಾರ್ಚ್ ಮಾರಾಟ 12 ಲಕ್ಷ, ಫೆಬ್ರವರಿ 10, ಜನವರಿ 14, ಡಿಸೆಂಬರ್ 20. ನಾಲ್ಕೂ ಸೇರಿ 56. ಇನ್ನೂ 14 ಲಕ್ಷ ಉಳಿಯಿತು. ನವೆಂಬರ್ ಮಾರಾಟ 60 ಲಕ್ಷ, ಅದರಲ್ಲಿ 14 ಎಂದರೆ 7 ದಿನ. ಒಟ್ಟು 128 ದಿನ. ಪುಸ್ತಕದ ಸೂತ್ರ 36 ದಿನ ಎಂದು ಬೆನ್ನು ತಟ್ಟಿದ ಬಾಕಿ ಇದು! ಅಕ್ಟೋಬರ್‌ನ 3 ಕೋಟಿಗಿಂತ ಮಾರ್ಚ್‌ನ 70 ಲಕ್ಷವೇ ಹೆಚ್ಚು ಹಳಸಿದ ರೊಕ್ಕ. ಅಕ್ಟೋಬರ್‌ನ ಬಾಕಿಗೆ ಮುಂದೆ ತೊಗರಿ ಇದೆ. ಮಾರ್ಚ್‌ನ ಬಾಕಿಗೆ ತೊಗರಿ ಬಂದು ಹೋಗಿದೆ, ಆದರೂ ರೊಕ್ಕ ಬಂದಿಲ್ಲ.

ಆ 70 ಲಕ್ಷವನ್ನು ಬಿಲ್ಲು ಬಿಲ್ಲು ಬಿಡಿಸಿ ನೋಡಿದರೆ ಇನ್ನೊಂದು ವಿಷಯ ಹೊರಬೀಳುತ್ತದೆ. ಒಂದು ಭಾಗ ಬಾಕಿಯೇ ಅಲ್ಲ. ಮಾರಾಟವಾಗದೆ ಅಂಗಡಿಯವರ ರ‍್ಯಾಕಿನಲ್ಲಿ ಕೂತ ನಮ್ಮದೇ ಮಾಲು. ಫೋನ್ ಮಾಡಿದರೆ ಜೇವರ್ಗಿ ಕಡೆಯ ಅಂಗಡಿಯವರು ಡಿಸೆಂಬರ್‌ನಲ್ಲಿ "ರಾಶಿ ಆಗಲ್ರಿ ಸರ, ತೊಗರಿ ಗಂಜ್‌ಗೆ ಹೋದ ಮ್ಯಾಲ ಕೊಡ್ತೀವಿ" ಅನ್ನುತ್ತಾರೆ. ಫೆಬ್ರವರಿಯಲ್ಲಿ ಅದೇ ಅಂಗಡಿಯವರು "ನಿಮ್ಮ ಮಾಲು ನಾಕು ಬಾಕ್ಸ್ ಹಂಗ ಉಳದಾವ್ರಿ, ವಾಪಸ್ ತೊಗೊಂಡು ಲೆಕ್ಕ ಮುಗಸ್ರಿ" ಅನ್ನುತ್ತಾರೆ. ಆ ವರ್ಷ 70ರಲ್ಲಿ 18 ಲಕ್ಷ ಹೀಗೆ ಮಾಲಾಗಿಯೇ ವಾಪಸ್ ಬಂತು. ಅಂದರೆ ವಸೂಲಿ ದಿನ ಎಂದು ಎಣಿಸಿದ್ದರಲ್ಲಿ ಕಾಲು ಭಾಗ ಸ್ಟಾಕ್ ದಿನವೇ ಆಗಿತ್ತು. ನಮಗೆ ಮಾಲು ಕೊಡುವ ಕಂಪನಿ ವಾಪಸ್ ತೆಗೆದುಕೊಳ್ಳುವ ಕೊನೆಯ ತಾರೀಕು ಆಗಲೇ ಮುಗಿದಿತ್ತು. ಬಾಟಲಿ ಮೇಲೆ ಎಕ್ಸ್‌ಪೈರಿ ತಾರೀಕು ಬೇರೆ ಓಡುತ್ತಿರುತ್ತದೆ.

ಈಗ ನವೆಂಬರ್ ಮೊದಲ ವಾರದಲ್ಲೇ ಸೇಲ್ಸ್ ಹುಡುಗರು ಅಂಗಡಿಗಳಲ್ಲಿ ಉಳಿದ ಮಾಲನ್ನು ಎಣಿಸಿ ಬರೆದುಕೊಂಡು ಬರುತ್ತಾರೆ. ಕಾಯಿಕೊರಕದ ಔಷಧಿಗೆ ಇನ್ನೂ ಗಿರಾಕಿ ಇದ್ದರೆ ಒಂದು ಅಂಗಡಿಯಿಂದ ಎತ್ತಿ ಇನ್ನೊಂದಕ್ಕೆ ಕೊಡುತ್ತೇವೆ. ಕಳೆನಾಶಕದ ಕಾಲ ಮುಗಿದಿರುತ್ತದೆ, ಅದನ್ನು ತಡ ಮಾಡದೆ ವಾಪಸ್ ತರಿಸಿ ಕಂಪನಿಗೆ ಕಳಿಸುತ್ತೇವೆ. ಕ್ರೆಡಿಟ್ ನೋಟ್ ಸಿಕ್ಕರೆ ನಮ್ಮ ಬಾಕಿಯೂ ಇಳಿಯುತ್ತದೆ. ಅಂಗಡಿಯವರ ಜೊತೆ ಜಗಳವೂ ಕಮ್ಮಿ.

ಹಿಂದಕ್ಕೆ ಎಣಿಸುವ ಲೆಕ್ಕಕ್ಕೂ ಮಿತಿ ಇದೆ. ಹಳೆ ಬಿಲ್ಲು ಮೊದಲು ತೀರುತ್ತದೆ ಎಂದು ಅದು ನಂಬಿಕೊಂಡಿದೆ. ಅಂಗಡಿಯವರು ಹಾಗೆ ಮಾಡುವುದಿಲ್ಲ. ಹೊಸ ಮಾಲು ಬೇಕೆಂದಾಗ ಹೊಸ ಬಿಲ್ಲಿಗೆ ಕೊಟ್ಟು ಹಳೆ ತಕರಾರಿನ ಬಿಲ್ಲನ್ನು ಹಾಗೇ ಬಿಡುತ್ತಾರೆ. ಆಗ ನಿಜವಾದ ವಯಸ್ಸು ನಮ್ಮ ಲೆಕ್ಕಕ್ಕಿಂತ ಇನ್ನೂ ಜಾಸ್ತಿ. ಅದು ತಿಳಿಯಬೇಕಾದರೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಪ್ರತಿ ರಸೀದಿಯನ್ನೂ ಬಿಲ್ ನಂಬರಿಗೆ ಹೊಂದಿಸಬೇಕು. ಅವಸರದಲ್ಲಿ ಬಿಲ್ ನಂಬರ್ ಇಲ್ಲದೆ ಎಲ್ಲವನ್ನೂ On Account ಎಂದು ಹಾಕಿದರೆ ಬಾಕಿಯ ವಯಸ್ಸಿನ ಪಟ್ಟಿಗೆ ಬೆಲೆಯೇ ಇಲ್ಲ.

ಬ್ಯಾಂಕಿಗೂ ಈ ವಯಸ್ಸು ಮುಖ್ಯ. ನಮ್ಮ ಸಿಸಿಯಲ್ಲಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಿಸೆಂಬರ್ ಕೊನೆಗೆ ಬಾಕಿ 230 ಲಕ್ಷ. ಹಿಂದಿನ ಮೂರು ತಿಂಗಳ ಮಾರಾಟವೇ ಒಟ್ಟು 190 ಲಕ್ಷ. ಅಂದರೆ 40 ಲಕ್ಷವಾದರೂ ಅದಕ್ಕಿಂತ ಹಳೆಯದು ಎಂದು ಬಿಲ್ಲು ನೋಡದೆಯೇ ಹೇಳಬಹುದು. ರಾಶಿ ಶುರುವಾಗಿ ರೊಕ್ಕ ಇನ್ನೂ ಬರದ ಆ ಹೊತ್ತಿನಲ್ಲೇ ಸಿಸಿಯಿಂದ ತೆಗೆಯಬಹುದಾದ ಮೊತ್ತ ಕುಗ್ಗುತ್ತದೆ. ಕೈಗಡದವರ ಹತ್ತಿರ ಹೋಗುವುದು ಹೀಗೆ.

ಹಾಗಾದರೆ ಕಂಪನಿಗೆ ತಡವಾಗಿ ಕೊಟ್ಟರೆ ಆಯಿತಲ್ವಾ ಎಂದು ಸಾಹುಕಾರರ ಮಗ ಕೇಳಿದ. ಅಲ್ಲಿ ಜಾಗ ಬಹಳ ಕಮ್ಮಿ. ದೊಡ್ಡ ಕಂಪನಿಗಳು ಬಾಕಿ ಇದ್ದರೆ ಸೀಜನ್‌ನಲ್ಲೇ ಮಾಲು ನಿಲ್ಲಿಸುತ್ತವೆ. ಬಿಲ್ ತಾರೀಕಿನಿಂದ 180 ದಿನದೊಳಗೆ ಕೊಡದಿದ್ದರೆ ಆ ಬಿಲ್ಲಿಗೆ ತೆಗೆದುಕೊಂಡ ಜಿಎಸ್‌ಟಿ ಇನ್‌ಪುಟ್ ಅನ್ನು ಬಡ್ಡಿ ಸಮೇತ ತಿರುಗಿ ಕಟ್ಟಬೇಕು. ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಾದರೆ ಬರೆದ ಒಪ್ಪಂದ ಇದ್ದರೂ ಗರಿಷ್ಠ 45 ದಿನ, ಒಪ್ಪಂದ ಇಲ್ಲದಿದ್ದರೆ 15 ದಿನ. ಅದು ದಾಟಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆಯಲ್ಲಿ ಸಿಗುವುದಿಲ್ಲ, ಕೊಟ್ಟ ವರ್ಷಕ್ಕೆ ಹೋಗುತ್ತದೆ. ನಾವು ಲಘು ಪೋಷಕಾಂಶದ ಮಾಲು ತರಿಸುವುದು ಇಂಥ ಒಬ್ಬರಿಂದಲೇ. ಅವರ ಬಿಲ್ಲಿಗೆ ಬೇರೆ ಬಣ್ಣದ ಫೈಲು ಇಟ್ಟಿದ್ದೇನೆ.

ಬಾಕಿ ದಿನ ತೆಗೆಯುವಾಗ ಟ್ಯಾಲಿಯ Sundry Creditors ಮೊತ್ತವನ್ನು ಹಾಗೇ ಎತ್ತಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಂಪನಿಗಳು ರಿಯಾಯಿತಿ ತೋರಿಸಿ ಮುಂಗಡ ಬುಕಿಂಗ್ ರೊಕ್ಕ ತೆಗೆದುಕೊಳ್ಳುತ್ತವೆ. ನಾವು ಆ ವರ್ಷ 50 ಲಕ್ಷ ಕಟ್ಟಿದ್ದೆವು. ಟ್ಯಾಲಿ ಅದನ್ನು 60 ಲಕ್ಷದಲ್ಲಿ ಕಳೆದು ಬರೀ 10 ಲಕ್ಷ ತೋರಿಸುತ್ತದೆ. ಕೊಡಬೇಕಾದದ್ದನ್ನು ಬೇರೆ, ಕೊಟ್ಟ ಮುಂಗಡವನ್ನು ಬೇರೆ ಮಾಡಲೇಬೇಕು. ಆ 50 ಲಕ್ಷ ಸ್ಟಾಕ್ ದಿನದಲ್ಲೂ ಇಲ್ಲ, ವಸೂಲಿ ದಿನದಲ್ಲೂ ಇಲ್ಲ. ಆದರೂ ರೊಕ್ಕ ನಮ್ಮ ಕೈಯಲ್ಲಿ ಇಲ್ಲ. ಅದಕ್ಕೇ ಮಾರ್ಚ್‌ನ 55 ಲಕ್ಷದ ಪಕ್ಕ ಅದನ್ನೂ ಬರೆದು, 1 ಕೋಟಿ 5 ಲಕ್ಷ ಎಂದು ಸಾಹುಕಾರರಿಗೆ ಕೊಡುತ್ತೇನೆ.

ಹಿಂದಕ್ಕೆ ಎಣಿಸಿದ ಅಂಕಿಯನ್ನು ಹಿಂದಿನ ತಿಂಗಳ ಜೊತೆ ಹೋಲಿಸುವುದಿಲ್ಲ, ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸುತ್ತೇನೆ. ಅಕ್ಟೋಬರ್‌ನಲ್ಲಿ 84 ಇದ್ದದ್ದು ಈ ಅಕ್ಟೋಬರ್‌ನಲ್ಲಿ 95 ಆದರೆ ಮೊದಲು ಕೇಳುವುದು ಹೆಸರು ಬೆಳೆ ಹೇಗಾಯಿತು ಎಂದು. ಹೆಸರು ಸೆಪ್ಟೆಂಬರ್ ಹೊತ್ತಿಗೆ ಕೈಗೆ ಬರುವ ಬೆಳೆ, ರೈತರ ಕೈಗೆ ಮೊದಲ ರೊಕ್ಕ ಅದರದ್ದೇ. ಅದು ಮಳೆಗೆ ಸಿಕ್ಕು ಹಾಳಾಗಿದ್ದರೆ ಎಲ್ಲ ತಾಲೂಕಿನ ವಸೂಲಿಯೂ ಒಟ್ಟಿಗೇ ತಡವಾಗಿರುತ್ತದೆ. ಹೆಸರು ಚೆನ್ನಾಗಿ ಬಂದು, ಒಂದೇ ತಾಲೂಕಿನ ಒಬ್ಬ ವಸೂಲಿ ಹುಡುಗನ ಅಂಗಡಿಗಳಲ್ಲಿ ಮಾತ್ರ ದಿನ ಏರಿದ್ದರೆ ಅವನ ರಸೀದಿ ಪುಸ್ತಕ ತರಿಸುತ್ತೇನೆ.